ಟೋಪಿ ಅಮ್ಮನದು, ತಲೆ ಮಗುವಿನದು

ಬಿಎಸ್ಸಿ ಸಸ್ಯಶಾಸ್ತ್ರದ ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಚಿತ್ರವೊಂದಿದೆ. ಬುಡದಲ್ಲಿ ಎಲೆಗಳಿರುವ ಪುಟ್ಟ ಹಾವಸೆ ಗಿಡ, ಅದರ ನೆತ್ತಿಯಿಂದ ಎದ್ದ ತೆಳು ದಂಟು, ದಂಟಿನ ತುದಿಯಲ್ಲಿ ಬಾಗಿದ ಕಾಯಿ, ಕಾಯಿಯ ಮೇಲೊಂದು ಚೂಪು ಟೋಪಿ. ವಿದ್ಯಾರ್ಥಿಗಳು ಕೆಳಗಿನ ಎಲೆಗಿಡಕ್ಕೆ n ಎಂದು ಬರೆಯುತ್ತಾರೆ, ದಂಟಿಗೂ ಕಾಯಿಗೂ 2n ಎಂದು ಬರೆಯುತ್ತಾರೆ. ಅಲ್ಲಿಯವರೆಗೆ ಎಲ್ಲ ಸರಿ. ಟೋಪಿಯ ಹತ್ತಿರ ಬಂದಾಗ ಬಹಳಷ್ಟು ಮಂದಿ ಯೋಚಿಸದೆ ಅದಕ್ಕೂ 2n ಎಂದೇ ಬರೆದುಬಿಡುತ್ತಾರೆ. ಅಂಕ ಹೋಗುವುದು ಅಲ್ಲೇ.

ಟೋಪಿ n. ಅದು ಕಾಯಿಯ ಮೇಲೆ ಕೂತಿದ್ದರೂ ಕಾಯಿಗೆ ಸೇರಿದ್ದಲ್ಲ, ಕೆಳಗಿನ ಎಲೆಗಿಡಕ್ಕೆ ಸೇರಿದ್ದು. ಇದು ಏಕೆ ಹೀಗೆ ಎಂಬುದನ್ನು ಅರ್ಥ ಮಾಡಿಕೊಂಡವರಿಗೆ ಹಾವಸೆ ಮತ್ತು ಜರೀಗಿಡಗಳ ಇಡೀ ಜೀವನಚಕ್ರ ಅರ್ಥವಾದಂತೆಯೇ. ಪಠ್ಯಪುಸ್ತಕಗಳು ‘ಸಂತತಿ ಪರ್ಯಾಯ’ ಎಂದು ಕರೆಯುವ ವಿದ್ಯಮಾನದ ಗಂಟು ಈ ಸಣ್ಣ ಟೋಪಿಯಲ್ಲಿದೆ.

ಮನುಷ್ಯರಲ್ಲಿ, ದನಕರುಗಳಲ್ಲಿ ಜೀವಿಯ ಮೈಯಿರುವುದು ಒಂದೇ ಬಗೆಯದು. ಮೈಯ ಜೀವಕೋಶಗಳಲ್ಲೆಲ್ಲ ವರ್ಣತಂತುಗಳು ಎರಡು ಜೊತೆಯಾಗಿರುತ್ತವೆ, ಅಂದರೆ 2n. ಅಂಡ ಮತ್ತು ವೀರ್ಯಾಣು ಮಾತ್ರ n, ಮತ್ತು ಅವು ಒಂಟಿ ಜೀವಕೋಶಗಳಾಗಿಯೇ ಬದುಕು ಮುಗಿಸುತ್ತವೆ. ಸಸ್ಯಗಳ ದಾರಿ ಬೇರೆ. ಅಲ್ಲಿ n ಇರುವ ಜೀವಕೋಶವೊಂದು ತಾನೇ ಒಡೆದು ಒಡೆದು ಬೆಳೆದು, ಕಣ್ಣಿಗೆ ಕಾಣುವ ಗಿಡವೇ ಆಗುತ್ತದೆ. ಆ ಗಿಡ ಅಂಡವನ್ನೂ ಗಂಡು ಲಿಂಗಾಣುವನ್ನೂ ಕೊಡುತ್ತದೆ, ಹಾಗಾಗಿ ಅದು ಗ್ಯಾಮಿಟೋಫೈಟ್. ಅಂಡ ಮತ್ತು ಗಂಡು ಲಿಂಗಾಣು ಕೂಡಿದಾಗ 2n ಇರುವ ಇನ್ನೊಂದು ಗಿಡ ಹುಟ್ಟುತ್ತದೆ. ಅದು ಲಿಂಗಾಣುಗಳನ್ನು ಕೊಡುವುದಿಲ್ಲ, ಧೂಳಿನ ಕಣದಷ್ಟು ಸಣ್ಣ ಬೀಜಕಗಳನ್ನು ಕೊಡುತ್ತದೆ, ಹಾಗಾಗಿ ಅದು ಸ್ಪೋರೋಫೈಟ್. ಬೀಜಕ ಮೊಳೆತರೆ ಮತ್ತೆ ಗ್ಯಾಮಿಟೋಫೈಟ್. ಮಗು ತಾಯಿಯನ್ನು ಹೋಲುವುದಿಲ್ಲ, ಅಜ್ಜಿಯನ್ನು ಹೋಲುತ್ತದೆ.

ಇದನ್ನು ಮೊದಲು ಸ್ಪಷ್ಟವಾಗಿ ಕಂಡವರು ಜರ್ಮನಿಯ ಲೈಪ್‌ಜಿಗ್‌ನ ವಿಲ್‌ಹೆಲ್ಮ್ ಹೋಫ್‌ಮೈಸ್ಟರ್. ಹುಟ್ಟಿದ್ದು 1824ರಲ್ಲಿ. ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ, ಮನೆತನದ ಸಂಗೀತ ಪ್ರಕಾಶನದ ಉದ್ಯಮದಲ್ಲಿ ದುಡಿಯುತ್ತ ಬಿಡುವಿನ ವೇಳೆಯಲ್ಲಿ ಸೂಕ್ಷ್ಮದರ್ಶಕ ಹಿಡಿದವರು. 1851ರಲ್ಲಿ ಅವರು ಪ್ರಕಟಿಸಿದ ಪುಸ್ತಕ ಹಾವಸೆ, ಜರೀಗಿಡ ಮತ್ತು ಸೂಚಿಪರ್ಣಿ ಮರಗಳನ್ನು ಒಂದರ ಪಕ್ಕ ಒಂದನ್ನಿಟ್ಟು, ಹೊರನೋಟಕ್ಕೆ ಸಂಬಂಧವೇ ಇಲ್ಲದ ಇವುಗಳ ಬಾಳಿನಲ್ಲಿ ಒಂದೇ ಬಗೆಯ ಎರಡು ಘಟ್ಟಗಳು ಸರದಿಯಂತೆ ಬರುತ್ತವೆ ಎಂದು ತೋರಿಸಿತು. ವರ್ಣತಂತುಗಳ ವಿಷಯ ಆಗ ಯಾರಿಗೂ ಗೊತ್ತಿರಲಿಲ್ಲ. n ಮತ್ತು 2n ಎಂಬ ಲೆಕ್ಕ ಇದಕ್ಕೆ ಸೇರಿಕೊಂಡದ್ದು ನಾಲ್ಕು ದಶಕಗಳ ನಂತರ, ಎಡ್ವರ್ಡ್ ಸ್ಟ್ರಾಸ್‌ಬರ್ಗರ್ 1894ರಲ್ಲಿ ಅದನ್ನು ಮಂಡಿಸಿದಾಗ. ಹೋಫ್‌ಮೈಸ್ಟರ್ ಬರೀ ಆಕಾರ ನೋಡಿ, ಯಾವ ಜೀವಕೋಶದಿಂದ ಯಾವುದು ಹುಟ್ಟಿತು ಎಂದು ಎಳೆ ಎಳೆಯಾಗಿ ಹಿಂಬಾಲಿಸಿ ಈ ತೀರ್ಮಾನಕ್ಕೆ ಬಂದಿದ್ದರು. ಪದವಿ ಇಲ್ಲದ ಈ ವ್ಯಾಪಾರಿಯನ್ನು 1863ರಲ್ಲಿ ಹೈಡಲ್‌ಬರ್ಗ್ ವಿಶ್ವವಿದ್ಯಾಲಯ ಪ್ರಾಧ್ಯಾಪಕರನ್ನಾಗಿ ಕರೆಸಿಕೊಂಡಿತು.

ಈಗ ಟೋಪಿಯ ಕಥೆಗೆ ಬರಬಹುದು. ಭಾರತದ ಪಠ್ಯಗಳಲ್ಲಿ ಹಾವಸೆಗೆ ಸಾಮಾನ್ಯವಾಗಿ ಕೊಡುವ ಉದಾಹರಣೆ ಫ್ಯುನೇರಿಯಾ ಹೈಗ್ರೊಮೆಟ್ರಿಕಾ. ಬೆಂಕಿ ಬಿದ್ದು ಬೋಳಾದ ನೆಲ, ಬೂದಿ ಸುರಿದ ಜಾಗ ಇದಕ್ಕೆ ಇಷ್ಟ. ನೀಲಗಿರಿಯಂಥ ತಂಪು ಬೆಟ್ಟಗಳಲ್ಲಿ ಸಿಗುತ್ತದೆ. ಬಯಲುಸೀಮೆಯ ಹಳೆ ಗೋಡೆಗಳ ಮೇಲೆ ಕಾಣುವುದು ಹೆಚ್ಚಾಗಿ ಹಯೊಫಿಲಾದಂಥ ಬೇರೆ ಹಾವಸೆಗಳು, ಆದರೆ ಜೀವನಚಕ್ರದ ಬಗೆ ಒಂದೇ.

ಚಿತ್ರ 1: ಫ್ಯುನೇರಿಯಾದ ಜೀವನಚಕ್ರ

```
        ಬೀಜಕ (n)
           ↓  ಮೊಳಕೆ
        ಪ್ರೊಟೊನೀಮಾ, ಹಸಿರು ಎಳೆಗಳ ಜಾಲ (n)
           ↓  ಮೊಗ್ಗು
        ಎಲೆಗಿಡ = ಗ್ಯಾಮಿಟೋಫೈಟ್ (n)
           ├─ ಆಂಥೆರಿಡಿಯಂ → ಗಂಡು ಲಿಂಗಾಣು (n)
           └─ ಆರ್ಕಿಗೋನಿಯಂ → ಅಂಡ (n)
 ═══════ ನಿಷೇಚನ : n + n = 2n ═══════
        ಜೈಗೋಟ್ (2n)
           ↓
        ಭ್ರೂಣ (2n)
           ↓
        ಪಾದ + ದಂಟು + ಕಾಯಿ = ಸ್ಪೋರೋಫೈಟ್ (2n)
           │   ಕಾಯಿಯ ಮೇಲಿನ ಟೋಪಿ ಮಾತ್ರ (n)
           ↓
        ಬೀಜಕ ಮಾತೃಕೋಶ (2n)
 ═══════ ಮಿಯೋಸಿಸ್ : 2n → n ═══════
        ನಾಲ್ಕು ನಾಲ್ಕು ಬೀಜಕಗಳು (n)
           ↑  ಮತ್ತೆ ಮೊದಲಿನಿಂದ
```

ಚಿತ್ರದಲ್ಲಿ ಜೋಡಿಗೆರೆ ಎಳೆದಿರುವುದು ಎರಡೇ ಕಡೆ. ಚಿತ್ರ ಬರೆಯುವವರು ಮೊದಲು ಗುರುತಿಸಬೇಕಾದದ್ದೂ ಇವೆರಡನ್ನೇ. ನಿಷೇಚನದ ಗೆರೆ ದಾಟಿದರೆ 2n, ಮಿಯೋಸಿಸ್‌ನ ಗೆರೆ ದಾಟಿದರೆ n. ಉಳಿದ ಪ್ರತಿಯೊಂದು ಭಾಗಕ್ಕೂ ‘ಇದು ಯಾವ ಜೀವಕೋಶದಿಂದ ಬೆಳೆಯಿತು’ ಎಂಬ ಒಂದೇ ಪ್ರಶ್ನೆ ಕೇಳಿದರೆ ಸಾಕು, ಗುರುತು ತಾನಾಗಿ ಸಿಗುತ್ತದೆ.

ಫ್ಯುನೇರಿಯಾದ ಬೀಜಕ ಒದ್ದೆ ನೆಲಕ್ಕೆ ಬಿದ್ದಾಗ ನೇರವಾಗಿ ಎಲೆಗಿಡ ಹುಟ್ಟುವುದಿಲ್ಲ. ಮೊದಲು ಹಸಿರು ಎಳೆಗಳು ಕವಲೊಡೆಯುತ್ತ ನೆಲದ ಮೇಲೆ ಹರಡುತ್ತವೆ. ಇದು ಪ್ರೊಟೊನೀಮಾ. ಆ ಎಳೆಗಳ ಮೇಲೆ ಅಲ್ಲಲ್ಲಿ ಮೊಗ್ಗುಗಳು ಮೂಡಿ, ಒಂದೊಂದು ಮೊಗ್ಗೂ ಒಂದೊಂದು ಎಲೆಗಿಡವಾಗುತ್ತದೆ. ಹಾವಸೆ ಯಾವಾಗಲೂ ಹಾಸಿನಂತೆ ಒತ್ತೊತ್ತಾಗಿ ಬೆಳೆಯುವುದಕ್ಕೆ ಇದೊಂದು ಕಾರಣ: ಒಂದೇ ಬೀಜಕದಿಂದ ಅಷ್ಟೊಂದು ಗಿಡ.

ಗಿಡ ಬಲಿತಾಗ ಮುಖ್ಯ ಕಾಂಡದ ತುದಿಯಲ್ಲಿ ಎಲೆಗಳು ಬಟ್ಟಲಿನಂತೆ ಬಿಚ್ಚಿಕೊಂಡು ನಡುವೆ ಕೆಂಗಂದು ಬಣ್ಣದ ಚುಕ್ಕೆ ಕಾಣುತ್ತದೆ. ಅಲ್ಲಿರುವುದು ಆಂಥೆರಿಡಿಯಂಗಳು, ಗಂಡು ಅಂಗಗಳು. ಆರ್ಕಿಗೋನಿಯಂ ಎಂಬ ಹೆಣ್ಣು ಅಂಗಗಳು ಅದೇ ಗಿಡದ ಪಕ್ಕದ ಕವಲಿನ ತುದಿಯಲ್ಲಿರುತ್ತವೆ. ಆರ್ಕಿಗೋನಿಯಂಗೆ ಉಬ್ಬಿದ ತಳ ಮತ್ತು ಉದ್ದನೆಯ ಕತ್ತು. ತಳದಲ್ಲಿ ಒಂದೇ ಒಂದು ಅಂಡ. ಕತ್ತಿನೊಳಗಿನ ಜೀವಕೋಶಗಳು ಕರಗಿ ಅಂಡದವರೆಗೂ ದಾರಿ ತೆರೆದುಕೊಳ್ಳುತ್ತದೆ.

ಇಲ್ಲಿ ಎರಡನೆಯ ತಪ್ಪು ನುಸುಳುತ್ತದೆ. ಪ್ರಾಣಿಗಳಲ್ಲಿ ಲಿಂಗಾಣು ಹುಟ್ಟುವಾಗ ಮಿಯೋಸಿಸ್ ಆಗುತ್ತದೆ ಎಂದು ಕಲಿತವರು ಆಂಥೆರಿಡಿಯಂನ ಪಕ್ಕದಲ್ಲೂ ಮಿಯೋಸಿಸ್ ಎಂದು ಬರೆಯುತ್ತಾರೆ. ಆದರೆ ಎಲೆಗಿಡವೇ n ಆಗಿರುವಾಗ ಅರ್ಧ ಮಾಡುವುದಕ್ಕೆ ಏನು ಉಳಿದಿದೆ? ಹಾವಸೆಯ ಲಿಂಗಾಣುಗಳು ಹುಟ್ಟುವುದು ಸಾಮಾನ್ಯ ಮೈಟೋಸಿಸ್‌ನಿಂದ. ಹಾಗಾಗಿ ಒಂದು ಎಲೆಗಿಡದ ಗಂಡು ಲಿಂಗಾಣುಗಳೆಲ್ಲ ತಳಿಗುಣದಲ್ಲಿ ತದ್ರೂಪ, ಅದರ ಅಂಡಗಳೂ ಅಷ್ಟೇ. ಫ್ಯುನೇರಿಯಾದಲ್ಲಿ ಗಂಡೂ ಹೆಣ್ಣೂ ಒಂದೇ ಗಿಡದಲ್ಲಿರುವುದರಿಂದ, ತನ್ನ ಅಂಡವನ್ನು ತನ್ನದೇ ಲಿಂಗಾಣು ಕೂಡಿದರೆ ಹುಟ್ಟುವ ಸ್ಪೋರೋಫೈಟ್‌ನಲ್ಲಿ ಎರಡೂ ಜೊತೆ ವರ್ಣತಂತುಗಳು ಅಚ್ಚೊತ್ತಿದಂತೆ ಒಂದೇ ಆಗಿರುತ್ತವೆ.

ಗಂಡು ಲಿಂಗಾಣುವಿಗೆ ಎರಡು ಕಶಾಂಗಗಳಿವೆ. ಈಜಲು ನೀರಿನ ಪದರ ಬೇಕೇ ಬೇಕು. 1884ರಲ್ಲಿ ವಿಲ್‌ಹೆಲ್ಮ್ ಫೆಫರ್ ತೆಳು ಗಾಜಿನ ನಳಿಗೆಯೊಳಗೆ ಬೇರೆ ಬೇರೆ ದ್ರಾವಣ ತುಂಬಿ, ಲಿಂಗಾಣುಗಳು ಯಾವುದರತ್ತ ಈಜುತ್ತವೆ ಎಂದು ನೋಡಿದರು. ಹಾವಸೆಯ ಲಿಂಗಾಣುಗಳನ್ನು ಸೆಳೆದದ್ದು ಸಕ್ಕರೆ, ಜರೀಗಿಡದವನ್ನು ಸೆಳೆದದ್ದು ಮ್ಯಾಲಿಕ್ ಆಮ್ಲ. ಈಜು ಒಂದೇ ದಾರಿಯಲ್ಲ ಎಂಬುದು ಈಚೆಗೆ ತಿಳಿದ ಸಂಗತಿ. ಪೇಟೆಯ ಕಾಲುದಾರಿಯ ಬಿರುಕುಗಳಲ್ಲಿ ಬೆಳ್ಳಿ ಹೊಳಪಿನಿಂದ ಕಾಣುವ ಬ್ರಯಂ ಆರ್ಜೆಂಟಿಯಂ ಎಂಬ ಹಾವಸೆಯಲ್ಲಿ, ಗಂಡು ಗಿಡದಿಂದ ಹೆಣ್ಣು ಗಿಡಕ್ಕೆ ಲಿಂಗಾಣುಗಳನ್ನು ಸ್ಪ್ರಿಂಗ್‌ಟೇಲ್ ಹುಳುಗಳೂ ನುಸಿಗಳೂ ಹೊತ್ತೊಯ್ಯುತ್ತವೆ ಎಂದು ಸ್ವೀಡನ್ನಿನ ಸಂಶೋಧಕರು 2006ರಲ್ಲಿ ತೋರಿಸಿದರು.

ನಿಷೇಚನ ಆದ ಮೇಲೆ ಅಂಡ ಇದ್ದಲ್ಲೇ, ಅಂದರೆ ತಾಯಿಯ ಆರ್ಕಿಗೋನಿಯಂನೊಳಗೇ ಭ್ರೂಣವಾಗಿ ಬೆಳೆಯುತ್ತದೆ. ಕೆಳಗಿನ ತುದಿ ತಾಯಿಯ ಕಾಂಡದೊಳಕ್ಕೆ ಹೂತುಕೊಂಡು ಪಾದವಾಗುತ್ತದೆ. ಪಾದ ಮತ್ತು ತಾಯಿಯ ಅಂಗಾಂಶ ಸೇರುವ ಕಡೆ ಜೀವಕೋಶಗಳ ಗೋಡೆಗಳು ಒಳಮುಖವಾಗಿ ಮಡಿಕೆ ಮಡಿಕೆಯಾಗಿ, ಸಕ್ಕರೆ ಮತ್ತು ನೀರು ದಾಟುವ ಮೇಲ್ಮೈಯನ್ನು ಹಿಗ್ಗಿಸಿಕೊಳ್ಳುತ್ತವೆ. ಮೇಲಿನ ತುದಿ ನೀಳವಾಗತೊಡಗಿದಾಗ ಆರ್ಕಿಗೋನಿಯಂನ ಗೋಡೆಯೂ ಸ್ವಲ್ಪ ಕಾಲ ಜೊತೆಗೇ ಹಿಗ್ಗುತ್ತದೆ. ಕೊನೆಗೆ ತಾಳಲಾರದೆ ಬುಡದಲ್ಲಿ ಹರಿಯುತ್ತದೆ, ಮೇಲಿನ ತುಂಡು ಬೆಳೆಯುವ ಕಾಯಿಯ ನೆತ್ತಿಗೆ ಸಿಕ್ಕಿಕೊಂಡು ಮೇಲೇರುತ್ತದೆ. ಅದೇ ಟೋಪಿ, ಪಠ್ಯದ ಕ್ಯಾಲಿಪ್ಟ್ರಾ. ಮಗುವಿನ ತಲೆಯ ಮೇಲೆ ಕೂತಿರುವುದು ಅಮ್ಮನ ಮೈಯ ತುಂಡು.

ಹಾಗಂತ ಅದು ಬರೀ ಹರಿದುಹೋದ ಚಿಂದಿಯೂ ಅಲ್ಲ. ಫ್ಯುನೇರಿಯಾದ ಎಳೆ ಸ್ಪೋರೋಫೈಟ್‌ಗಿಂತ ಅದರ ಟೋಪಿಯ ಮೇಲಿನ ಮೇಣದ ಪೊರೆ ದಪ್ಪ ಎಂಬುದನ್ನು ಅಮೆರಿಕದ ಸಂಶೋಧಕರು ಗುರುತಿಸಿದ್ದಾರೆ. ಆ ಪೊರೆಯನ್ನು ತೆಗೆದು ಗಿಡಗಳನ್ನು ಒಣ ಹವೆಗೆ ಒಡ್ಡಿದಾಗ ಎಳೆ ಸ್ಪೋರೋಫೈಟ್‌ಗಳು ಸೊರಗಿದವು. ಕಾಯಿ ಇನ್ನೂ ರೂಪುಗೊಳ್ಳದ, ತನ್ನದೇ ಪೊರೆ ಗಟ್ಟಿಯಾಗದ ದಿನಗಳಲ್ಲಿ ಅದರ ಬೆಳೆಯುವ ತುದಿ ಒಣಗದಂತೆ ಕಾಯುವುದು ತಾಯಿಯ ಟೋಪಿ.

ಲೆಕ್ಕವನ್ನು ಅಂಕಿಯಲ್ಲೇ ನೋಡಬಹುದು. ಫ್ಯುನೇರಿಯಾದ ಒಂದು ತಳಿಯಲ್ಲಿ n ಅಂದರೆ 14. ಆ ತಳಿಯ ಎಲೆ, ಕಾಂಡ, ಆರ್ಕಿಗೋನಿಯಂ, ಅಂಡ, ಟೋಪಿ ಇವುಗಳ ಜೀವಕೋಶಗಳಲ್ಲೆಲ್ಲ 14 ವರ್ಣತಂತುಗಳು. ಪಾದ, ದಂಟು, ಕಾಯಿಯ ಗೋಡೆ, ಮುಚ್ಚಳ, ಮುಚ್ಚಳದ ಕೆಳಗಿನ ಹಲ್ಲುಗಳು ಬೆಳೆದದ್ದು 28 ವರ್ಣತಂತುಗಳ ಜೀವಕೋಶಗಳಿಂದ. ಕಾಯಿಯೊಳಗಿನ ಬೀಜಕಗಳಲ್ಲಿ ಮತ್ತೆ 14. ಬಲಿಯುತ್ತಿರುವ ಒಂದು ಕಾಯಿಯನ್ನು ಟೋಪಿಸಮೇತ ಉದ್ದಕ್ಕೆ ಸೀಳಿದರೆ ಮೂರು ತಲೆಮಾರು ಒಟ್ಟಿಗೆ ಸಿಗುತ್ತವೆ: ಹೊರಗೆ ಅಜ್ಜಿ, ನಡುವೆ ತಾಯಿ, ಒಳಗೆ ಮೊಮ್ಮಕ್ಕಳು.

ಎಳೆಯ ಕಾಯಿ ಹಸಿರಾಗಿರುತ್ತದೆ, ಅದರ ಬುಡದಲ್ಲಿ ಪತ್ರರಂಧ್ರಗಳೂ ಇವೆ. ಅಂದರೆ ಹಾವಸೆಯ ಸ್ಪೋರೋಫೈಟ್ ಪೂರ್ತಿ ಪರಾವಲಂಬಿ ಎಂದು ಬರೆಯುವುದೂ ತಪ್ಪು. ಅಷ್ಟೋ ಇಷ್ಟೋ ಅಡುಗೆ ತಾನೂ ಮಾಡಿಕೊಳ್ಳುತ್ತದೆ. ಆದರೆ ಬೇರೆ ಮನೆ ಹೂಡುವುದಿಲ್ಲ. ನೆಲ ಮುಟ್ಟುವುದೇ ಇಲ್ಲ, ಬದುಕಿರುವಷ್ಟು ಕಾಲ ನೀರಿಗೂ ಲವಣಕ್ಕೂ ತಾಯಿಯೇ ಗತಿ.

ಕಾಯಿ ಒಣಗಿದಾಗ ಮುಚ್ಚಳ ಕಳಚಿ ಬಾಯಲ್ಲಿ ಹದಿನಾರು ಹದಿನಾರರ ಎರಡು ಸಾಲು ಹಲ್ಲುಗಳು ಕಾಣುತ್ತವೆ. ಹೊರಸಾಲಿನ ಹಲ್ಲುಗಳು ತೇವಕ್ಕೆ ತಕ್ಕಂತೆ ಬಾಗುತ್ತವೆ. ಗಾಳಿ ಒಣಗಿದಾಗ ಸಂದು ಬಿಟ್ಟುಕೊಂಡು ಬೀಜಕ ಉದುರಲು ಬಿಡುತ್ತವೆ, ತೇವ ಏರಿದಾಗ ಮುಚ್ಚಿಕೊಳ್ಳುತ್ತವೆ. ಒಣಗಿದ ದಂಟಿನ ಮೇಲೆ ಬಾಯಿಂದ ಹಬೆಯುಸಿರು ಬಿಟ್ಟರೆ ಅದು ತಿರುಚಿಕೊಳ್ಳುವುದು ಬರಿಗಣ್ಣಿಗೇ ಕಾಣುತ್ತದೆ. ಈ ಗಿಡದ ಹೆಸರಿನ ಎರಡನೇ ಭಾಗ ಬಂದದ್ದು ಇದರಿಂದಲೇ.

ಜರೀಗಿಡದಲ್ಲಿ ಇದೇ ಚಕ್ರ ತಲೆಕೆಳಗಾಗಿ ಕಾಣುತ್ತದೆ. ಹಳೆ ಬಾವಿಯ ಗೋಡೆ, ಗಾರೆ ಕಿತ್ತ ಕಟ್ಟಡದ ಸಂದುಗಳಲ್ಲಿ ಉದ್ದುದ್ದ ಗರಿ ಚಾಚಿ ನಿಂತಿರುವ ಟೆರಿಸ್ ವಿಟಾಟಾ ಕರ್ನಾಟಕದ ಊರೂರಲ್ಲೂ ಸಿಗುವ ಜರೀಗಿಡ. ಅದರ ಬೇರು, ನೆಲಗಾಂಡ, ಗರಿ ಎಲ್ಲವೂ 2n. ಹಾವಸೆಯಲ್ಲಿ ಕಣ್ಣಿಗೆ ಬೀಳುವುದು ಗ್ಯಾಮಿಟೋಫೈಟ್, ಇಲ್ಲಿ ಕಣ್ಣಿಗೆ ಬೀಳುವುದು ಸ್ಪೋರೋಫೈಟ್.

ಚಿತ್ರ 2: ಟೆರಿಸ್ ಜರೀಗಿಡದ ಜೀವನಚಕ್ರ

```
        ಬೀಜಕ (n)
           ↓  ಮೊಳಕೆ, ಕೆಲವೇ ಕೋಶಗಳ ಎಳೆ
        ಪ್ರೊಥ್ಯಾಲಸ್ = ಗ್ಯಾಮಿಟೋಫೈಟ್ (n)
           ├─ ಕೆಳಮೈ, ಬೇರೆಳೆಗಳ ನಡುವೆ: ಆಂಥೆರಿಡಿಯಂ → ಗಂಡು ಲಿಂಗಾಣು (n)
           └─ ಕೆಳಮೈ, ಕಚ್ಚಿನ ಹತ್ತಿರ: ಆರ್ಕಿಗೋನಿಯಂ → ಅಂಡ (n)
 ═══════ ನಿಷೇಚನ : n + n = 2n ═══════
        ಜೈಗೋಟ್ (2n)
           ↓
        ಭ್ರೂಣ: ಪಾದ, ಬೇರು, ಕಾಂಡ, ಮೊದಲ ಎಲೆ (2n)
           ↓  ಪ್ರೊಥ್ಯಾಲಸ್ ಬಾಡುತ್ತದೆ
        ಗರಿ ಇರುವ ಜರೀಗಿಡ = ಸ್ಪೋರೋಫೈಟ್ (2n)
           ↓
        ಗರಿಯ ಅಂಚಿನ ಸ್ಪೊರಾಂಜಿಯಂ, 16 ಮಾತೃಕೋಶ (2n)
 ═══════ ಮಿಯೋಸಿಸ್ : 2n → n ═══════
        64 ಬೀಜಕ (n)
           ↑  ಮತ್ತೆ ಮೊದಲಿನಿಂದ
```

ಗರಿಯ ಕೆಳಗಿನ ಅಂಚು ಒಳಕ್ಕೆ ಮಡಚಿಕೊಂಡು, ಆ ಮಡಿಕೆಯ ಕೆಳಗೆ ಕಂದು ಪಟ್ಟಿಯಂತೆ ಸ್ಪೊರಾಂಜಿಯಂಗಳು ಸಾಲುಗಟ್ಟಿರುತ್ತವೆ. ಒಂದೊಂದೂ ತೊಟ್ಟಿರುವ ಪುಟ್ಟ ಚೀಲ, ಅದರ ಬೆನ್ನ ಮೇಲೆ ಆನ್ಯುಲಸ್ ಎಂಬ ಜೀವಕೋಶಗಳ ಪಟ್ಟಿ. ಈ ಜೀವಕೋಶಗಳ ಒಳಗೋಡೆಯೂ ಅಡ್ಡಗೋಡೆಗಳೂ ದಪ್ಪ, ಹೊರಗೋಡೆ ಮಾತ್ರ ತೆಳು. ನೀರು ಆರುತ್ತಿದ್ದಂತೆ ತೆಳುಗೋಡೆ ಒಳಕ್ಕೆ ಎಳೆಯಲ್ಪಟ್ಟು, ಇಡೀ ಪಟ್ಟಿ ನೆಟ್ಟಗಾಗಿ ಹಿಂದಕ್ಕೆ ಬಾಗಿ ಚೀಲ ಬಾಯಿಬಿಡುತ್ತದೆ. ಒಳಗಿನ ನೀರು ಎಳೆತವನ್ನು ತಾಳಲಾರದ ಗಳಿಗೆಯಲ್ಲಿ ಅಲ್ಲಿ ಗುಳ್ಳೆ ಹುಟ್ಟುತ್ತದೆ, ಪಟ್ಟಿ ತಟ್ಟನೆ ವಾಪಸು ಮಡಚಿಕೊಂಡು ಬೀಜಕಗಳನ್ನು ಚಿಮ್ಮಿಸುತ್ತದೆ. 2012ರಲ್ಲಿ ಪ್ರಕಟವಾದ ವೇಗದ ಕ್ಯಾಮೆರಾ ಅಧ್ಯಯನವೊಂದರಲ್ಲಿ ಬೀಜಕಗಳು ಸೆಕೆಂಡಿಗೆ 10 ಮೀಟರಿನಷ್ಟು ವೇಗದಲ್ಲಿ ಹೊರಡುವುದು ಕಂಡುಬಂತು. ಪ್ರಯೋಗಾಲಯದಲ್ಲಿ ಸ್ಲೈಡಿನ ಮೇಲೆ ಒಂದು ಹನಿ ಗ್ಲಿಸರಿನ್ ಬಿಟ್ಟರೆ ಅದು ನೀರನ್ನು ಹೀರಿಕೊಂಡು ಆನ್ಯುಲಸ್ ಬಾಗುವುದನ್ನು ನಿಧಾನವಾಗಿ ನೋಡಬಹುದು.

ಬೀಜಕದಿಂದ ಹುಟ್ಟುವುದು ಇನ್ನೊಂದು ಜರೀಗಿಡವಲ್ಲ. ಹುಟ್ಟುವುದು ಪ್ರೊಥ್ಯಾಲಸ್: ಹೃದಯದ ಆಕಾರದ, ಉಗುರಿಗಿಂತ ಸಣ್ಣ, ಅಂಚಿನಲ್ಲಿ ಒಂದೇ ಜೀವಕೋಶದಷ್ಟು ತೆಳುವಾದ ಹಸಿರು ಹಾಳೆ. ಅದಕ್ಕೆ ಕಾಂಡವಿಲ್ಲ, ಎಲೆಯಿಲ್ಲ, ನೀರು ಸಾಗಿಸುವ ನಾಳವಿಲ್ಲ. ಆದರೆ ಸ್ವಂತ ಹಸಿರಿದೆ, ನೆಲ ಹಿಡಿಯಲು ಬೇರೆಳೆಗಳಿವೆ, ಯಾರ ಹಂಗೂ ಇಲ್ಲ. ಇದೇ ಹಾವಸೆಗೂ ಜರೀಗಿಡಕ್ಕೂ ಇರುವ ನಿಜವಾದ ವ್ಯತ್ಯಾಸ. ಹಾವಸೆಯ ಮಗು ಕೊನೆಯವರೆಗೂ ತಾಯಿಯ ಮೇಲೆಯೇ ಇರುತ್ತದೆ. ಜರೀಗಿಡದ ಮಗು ಮೊದಲ ಕೆಲವು ವಾರ ಪಾದದ ಮೂಲಕ ಪ್ರೊಥ್ಯಾಲಸ್‌ನಿಂದ ಆಹಾರ ಪಡೆದು, ಬೇರು ಬಿಟ್ಟು ಮೊದಲ ಎಲೆ ಚಾಚಿದೊಡನೆ ಸ್ವತಂತ್ರವಾಗುತ್ತದೆ. ತಾಯಿ ಅಲ್ಲೇ ಬಾಡುತ್ತದೆ. ಬೆಳೆದ ಜರೀಗಿಡದ ಬುಡದಲ್ಲಿ ಎಷ್ಟು ಹುಡುಕಿದರೂ ಅದರ ಗುರುತು ಸಿಗದು.

ಪ್ರೊಥ್ಯಾಲಸ್ಸನ್ನು ಚಿತ್ರದಲ್ಲಲ್ಲದೆ ಕಣ್ಣಾರೆ ನೋಡಬೇಕೆಂದರೆ ಬಿತ್ತಿ ಬೆಳೆಸುವುದೇ ಸುಲಭ. ಅಂಚು ಕಂದಾಗಿದ್ದು ಇನ್ನೂ ಸಿಡಿಯದ ಗರಿಯ ತುಂಡನ್ನು ಬಿಳಿ ಕಾಗದದ ನಡುವೆ ಮಡಚಿಟ್ಟರೆ ಒಂದೆರಡು ದಿನದಲ್ಲಿ ಕಂದು ಪುಡಿ ಉದುರುತ್ತದೆ. ಆ ಪುಡಿಯಲ್ಲಿ ಖಾಲಿ ಚೀಲಗಳೂ ಬೀಜಕಗಳೂ ಬೆರೆತಿರುತ್ತವೆ. ಕಾಗದವನ್ನು ಓರೆ ಹಿಡಿದು ಮೆಲ್ಲಗೆ ತಟ್ಟಿದರೆ ಒರಟು ಚೀಲಗಳು ಜಾರಿಹೋಗಿ ನುಣುಪಾದ ಬೀಜಕಗಳು ಕಾಗದಕ್ಕೆ ಅಂಟಿಕೊಂಡು ಉಳಿಯುತ್ತವೆ. ಇಟ್ಟಿಗೆಯ ಚೂರನ್ನೋ ತೆಂಗಿನ ನಾರಿನ ಪುಡಿಯನ್ನೋ ಕುದಿವ ನೀರಲ್ಲಿ ನೆನೆಸಿ, ಆರಿಸಿ, ಮೇಲೆ ಬೀಜಕಗಳನ್ನು ವಿರಳವಾಗಿ ಉದುರಿಸಿ, ಗಾಜಿನ ಮುಚ್ಚಳ ಹಾಕಿ ಬೆಳಕಿರುವ ಆದರೆ ನೇರ ಬಿಸಿಲು ಬೀಳದ ಕಡೆ ಇಡಬೇಕು. ಹವೆಗೆ ತಕ್ಕಂತೆ ಒಂದೆರಡು ವಾರದಲ್ಲಿ ಹಸಿರು ಕಾಣುತ್ತದೆ. ಹೃದಯದ ಆಕಾರ ಮೂಡಲು ಇನ್ನೂ ಹಲವು ವಾರ ಕಾಯಬೇಕು.

ಕೆಡುವುದು ಎರಡು ಕಡೆ. ಕುದಿವ ನೀರು ಹಾಕದಿದ್ದರೆ ಗಾಳಿಯಲ್ಲೂ ಮಣ್ಣಲ್ಲೂ ಇರುವ ಹಾವಸೆಯ ಬೀಜಕಗಳು ಮೊದಲು ಮೊಳೆತು, ಪ್ರೊಟೊನೀಮಾದ ಹಸಿರನ್ನೇ ಪ್ರೊಥ್ಯಾಲಸ್ ಎಂದು ನಂಬಿಸಿಬಿಡುತ್ತವೆ. ಸೂಕ್ಷ್ಮದರ್ಶಕದಲ್ಲಿ ಗುರುತು ಹಿಡಿಯುವುದು ಕಷ್ಟವಲ್ಲ. ಜರೀಗಿಡದ ಎಳೆ ಕೆಲವೇ ಜೀವಕೋಶ ಉದ್ದವಾಗಿ, ತುದಿಯಲ್ಲಿ ಅಗಲಗೊಂಡು ಹಾಳೆಯಾಗುತ್ತದೆ. ಹಾವಸೆಯ ಎಳೆ ಅಗಲವಾಗದೆ ಕವಲೊಡೆಯುತ್ತಲೇ ಹೋಗುತ್ತದೆ, ಹಳೆಯ ಎಳೆಗಳಲ್ಲಿ ಜೀವಕೋಶಗಳ ನಡುವಿನ ಅಡ್ಡಗೋಡೆಗಳು ಓರೆಯಾಗಿ ಕಂದು ಬಣ್ಣಕ್ಕೆ ತಿರುಗಿರುತ್ತವೆ. ಎರಡನೆಯದು, ಪ್ರೊಥ್ಯಾಲಸ್‌ಗಳು ಚೆನ್ನಾಗಿ ಬೆಳೆದರೂ ತಿಂಗಳುಗಟ್ಟಲೆ ಒಂದು ಎಲೆಯೂ ಹೊರಡದಿರುವುದು. ತಟ್ಟೆಗೆ ಕೆಳಗಿನಿಂದ ಮಾತ್ರ ನೀರು ಕೊಟ್ಟಾಗ ಹೀಗಾಗುತ್ತದೆ. ಕೆಳಮೈಯಲ್ಲಿ ನೀರಿನ ಪದರವಿಲ್ಲದಿದ್ದರೆ, ಸುರುಳಿಯಂತೆ ಸುತ್ತಿದ, ಹತ್ತಾರು ಕಶಾಂಗಗಳಿರುವ ಲಿಂಗಾಣು ಆರ್ಕಿಗೋನಿಯಂಗೆ ಈಜುವುದೆಲ್ಲಿಂದ? ಕುದಿಸಿ ಆರಿಸಿದ ನೀರನ್ನು ಮೇಲಿನಿಂದ ಸಿಂಪಡಿಸಿದರೆ ಕೆಲವು ವಾರಗಳಲ್ಲಿ ಕಚ್ಚಿನ ಬಳಿಯಿಂದ ಮೊದಲ ಎಲೆ ಏಳುತ್ತದೆ.

ಒತ್ತೊತ್ತಾಗಿ ಬಿತ್ತಿದ ತಟ್ಟೆಯಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ: ಕೆಲವು ಪ್ರೊಥ್ಯಾಲಸ್‌ಗಳು ದೊಡ್ಡ ಹೃದಯಗಳು, ಸುತ್ತಲಿನವು ಆಕಾರವಿಲ್ಲದ ಪುಡಿಗಳು. ಪುಡಿಗಳು ಪೋಷಣೆ ಸಾಲದೆ ಸೊರಗಿದವು ಎಂದು ತೋರುತ್ತದೆ, ಆದರೆ ಮೈತುಂಬ ಆಂಥೆರಿಡಿಯಂ ಹೊತ್ತ ಗಂಡುಗಳೇ ಅವು. ಜರ್ಮನ್ ವಿಜ್ಞಾನಿ ಡೆಪ್ 1950ರಲ್ಲಿ ಟೆರಿಡಿಯಂ ಜರೀಗಿಡದಲ್ಲಿ ಇದರ ಕಾರಣ ಕಂಡುಹಿಡಿದರು. ಮೊದಲು ಬಲಿತ ಪ್ರೊಥ್ಯಾಲಸ್ ಒಂದು ರಾಸಾಯನಿಕವನ್ನು ಹೊರಬಿಡುತ್ತದೆ, ಹಿಂದೆ ಬಿದ್ದವು ಅದಕ್ಕೆ ಸಿಕ್ಕಿ ಗಂಡಾಗುತ್ತವೆ. ತನ್ನ ಅಂಡವನ್ನು ತನ್ನದೇ ಲಿಂಗಾಣು ಕೂಡುವುದು ಇದರಿಂದ ಕಡಿಮೆಯಾಗುತ್ತದೆ.

n ಮತ್ತು 2n ಎಂಬ ಲೆಕ್ಕವೇ ಗಿಡದ ಆಕಾರವನ್ನು ನಿರ್ಧರಿಸುತ್ತದೆ ಎಂದು ಇಷ್ಟು ಓದಿದವರಿಗೆ ಅನ್ನಿಸಬಹುದು. ಹಾಗಿಲ್ಲ ಎಂಬ ಸುಳಿವು ಬಹಳ ಹಿಂದೆಯೇ ಸಿಕ್ಕಿತ್ತು. 1874ರಲ್ಲಿ ಫಾರ್ಲೋ ಎಂಬ ಅಮೆರಿಕದ ಸಸ್ಯವಿಜ್ಞಾನಿ, ಇಂದು ಕುಂಡಗಳಲ್ಲಿ ಅಲಂಕಾರಕ್ಕೆ ಬೆಳೆಸುವ ಟೆರಿಸ್ ಕ್ರೆಟಿಕಾದಲ್ಲಿ ನಿಷೇಚನವೇ ಇಲ್ಲದೆ ಪ್ರೊಥ್ಯಾಲಸ್‌ನಿಂದ ನೇರವಾಗಿ ಜರೀಗಿಡ ಮೊಳೆಯುವುದನ್ನು ಕಂಡರು. ಎರಡು ವರ್ಷದ ನಂತರ ಪ್ರಿಂಗ್ಸ್‌ಹೈಮ್ ಮತ್ತು ಸ್ಟಾಲ್ ಇದಕ್ಕೆ ಉಲ್ಟಾ ನೋಡಿದರು: ಹಾವಸೆಯ ದಂಟನ್ನು ಕತ್ತರಿಸಿ ತೇವದಲ್ಲಿಟ್ಟರೆ, ಬೀಜಕದ ನೆರವಿಲ್ಲದೆ ಅದರಿಂದಲೇ ಪ್ರೊಟೊನೀಮಾ ಹೊರಟಿತು. ಅದರ ಜೀವಕೋಶಗಳಲ್ಲಿ 2n, ಆಕಾರ ಮಾತ್ರ ಅಪ್ಪಟ ಗ್ಯಾಮಿಟೋಫೈಟ್‌ನದು. ಈ ಆಕಾರ ನಿರ್ಣಯದಲ್ಲಿ ಜೀನ್‌ಗಳ ಕೈವಾಡವನ್ನು 2013ರಲ್ಲಿ ಫಿಸ್ಕೊಮಿಟ್ರೆಲ್ಲಾ ಹಾವಸೆಯಲ್ಲಿ ತೋರಿಸಲಾಯಿತು. ಅದರಲ್ಲಿ KNOX2 ಎಂಬ ಗುಂಪಿನ ಜೀನ್‌ಗಳನ್ನು ತೆಗೆದುಹಾಕಿದಾಗ, ಸ್ಪೋರೋಫೈಟ್ ಆಗಬೇಕಿದ್ದ 2n ಭ್ರೂಣದಿಂದ ಮಿಯೋಸಿಸ್ ಇಲ್ಲದೆಯೇ ಗ್ಯಾಮಿಟೋಫೈಟ್ ಬೆಳೆಯಿತು.

ಟೆರಿಸ್ ಕ್ರೆಟಿಕಾದಂಥ ಗಿಡದಲ್ಲಿ ನಿಷೇಚನವಿಲ್ಲವೆಂದರೆ ಪ್ರತಿ ತಲೆಮಾರಿಗೂ ವರ್ಣತಂತುಗಳು ಅರ್ಧ ಅರ್ಧವಾಗಿ ಕೊನೆಗೆ ಏನೂ ಉಳಿಯಬಾರದಲ್ಲ? ಅದಕ್ಕೆ ಗಿಡವೇ ಉಪಾಯ ಮಾಡಿಕೊಂಡಿದೆ. ಮಾಮೂಲಿ ಜರೀಗಿಡದ ಸ್ಪೊರಾಂಜಿಯಂನಲ್ಲಿ ಒಂದು ಜೀವಕೋಶ ನಾಲ್ಕು ಸಲ ಒಡೆದು 16 ಮಾತೃಕೋಶಗಳಾಗುತ್ತವೆ, ಮಿಯೋಸಿಸ್ ಮುಗಿದಾಗ 64 ಬೀಜಕ. ನಿಷೇಚನ ಬಿಟ್ಟುಕೊಟ್ಟ ಜಾತಿಗಳಲ್ಲಿ ಸಾಮಾನ್ಯವಾಗಿ ನಾಲ್ಕನೆಯ ಒಡೆತ ಅರ್ಧಕ್ಕೇ ನಿಲ್ಲುತ್ತದೆ. ವರ್ಣತಂತುಗಳು ಇಮ್ಮಡಿಯಾಗುತ್ತವೆ, ಆದರೆ ಜೀವಕೋಶ ಎರಡಾಗುವುದಿಲ್ಲ. ಉಳಿಯುವುದು ಇಮ್ಮಡಿ ವರ್ಣತಂತುಗಳ 8 ಮಾತೃಕೋಶ, ಮಿಯೋಸಿಸ್ ಆದ ಮೇಲೆ 32 ಬೀಜಕ. ಪ್ರತಿ ಬೀಜಕದಲ್ಲೂ ತಾಯಿಗಿಡದಷ್ಟೇ ವರ್ಣತಂತುಗಳು. ಇಂಥ ಗಿಡಕ್ಕೆ ಚಿತ್ರ 2ನ್ನು ಹಾಗೆಯೇ ಬರೆದರೆ ತಪ್ಪಾಗುತ್ತದೆ, ನಿಷೇಚನದ ಗೆರೆಯನ್ನೇ ಅಳಿಸಬೇಕು.

ಎರಡು ತಲೆಮಾರುಗಳಲ್ಲಿ ಒಂದನ್ನು ಪೂರ್ತಿ ಕೈಬಿಟ್ಟ ಗಿಡವೂ ಇದೆ. ಅಮೆರಿಕದ ಪೂರ್ವಭಾಗದ ಅಪಲಾಚಿಯನ್ ಬೆಟ್ಟಗಳ ಕತ್ತಲೆ ಬಂಡೆಗೂಡುಗಳಲ್ಲಿ ವಿಟಾರಿಯಾ ಅಪಲಾಚಿಯಾನಾ ಎಂಬ ಜರೀಗಿಡ ಬರೀ ಪ್ರೊಥ್ಯಾಲಸ್ ರೂಪದಲ್ಲಿ ಬದುಕಿದೆ. ಅಂಚಿನಿಂದ ಕಳಚುವ ಸಣ್ಣ ಚೂರುಗಳೇ ಹೊಸ ಗಿಡವಾಗುತ್ತವೆ. ಬಲಿತು ಗರಿ ಚಾಚಿದ ಗಿಡ ಅಲ್ಲಿನ ಬಂಡೆಗಳಲ್ಲಿ ಸಿಕ್ಕಿಲ್ಲ.

ಈ ಮಳೆಗಾಲದಲ್ಲಿ ಪ್ರೊಥ್ಯಾಲಸ್ ಹುಡುಕಲು ಹೊರಡುವ ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಎಚ್ಚರಿಕೆ. ಒದ್ದೆ ಮಣ್ಣಿನ ದರೆಯ ಮೇಲೆ ಕಾಣುವ ಹಸಿರು ಹಾಳೆಗಳೆಲ್ಲ ಪ್ರೊಥ್ಯಾಲಸ್ ಅಲ್ಲ, ರಿಕ್ಸಿಯಾ ಮತ್ತು ಮಾರ್ಕಾಂಶಿಯಾಗಳೂ ಅಲ್ಲೇ ಬೆಳೆಯುತ್ತವೆ. ಅವು ದಪ್ಪ, ಮತ್ತೆ ಮತ್ತೆ ಎರಡಾಗಿ ಕವಲೊಡೆಯುತ್ತವೆ. ಪ್ರೊಥ್ಯಾಲಸ್‌ಗೆ ಕಚ್ಚು ಒಂದೇ, ಬೆಳಕಿಗೆ ಹಿಡಿದರೆ ಅಂಚು ಪಾರದರ್ಶಕ. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರವಿದ್ದರೆ ಕಚ್ಚಿನಿಂದ ಮೊದಲ ಎಲೆ ಹೊರಟಿರುವ ಪ್ರೊಥ್ಯಾಲಸ್ಸನ್ನೇ ಹುಡುಕಿ. ಪುಟದ ಮೇಲೆ ಅದರ ಚಿತ್ರ ಬರೆದು, ಹಾಳೆಗೆ n ಎಂದೂ ಎಲೆಗೆ 2n ಎಂದೂ ಗುರುತು ಹಾಕಿ.